ಜಾಲತಾಣದ ಒಳಶೋಧ

ಜಾಲತಾಣವೊಂದರ ಆಳದಲ್ಲಿರುವ ಪುಟವನ್ನು ಗೂಗಲ್‌ನಂಥ ಸಾರ್ವತ್ರಿಕ ಶೋಧಕದ ಬದಲು ಆ ತಾಣದ್ದೇ ಹುಡುಕು ಪೆಟ್ಟಿಗೆಯಿಂದ ತೆಗೆಯುವ ವಿಧಾನ. ಸಾರ್ವತ್ರಿಕ ಶೋಧಕವು ಕೊಂಡಿಗಳ ಜಾಡು ಹಿಡಿದು ಪುಟಗಳನ್ನು ಸೂಚಿಗೆ ಸೇರಿಸುತ್ತದೆ. ವಿವರ ತುಂಬಿದ ಮೇಲಷ್ಟೇ ದತ್ತಾಂಶದಿಂದ ಮೂಡುವ ಪುಟಕ್ಕೆ ಅಂಥ ಕೊಂಡಿಯಿಲ್ಲದ ಕಾರಣ ಅದು ಸೂಚಿಯಲ್ಲಿ ಬರುವುದಿಲ್ಲ. ಕರ್ನಾಟಕದ ‘ಭೂಮಿ’ ತಾಣದ ಪಹಣಿ (ಬೆಳಗಾವಿ ಸೀಮೆಯ ‘ಉತಾರ’) ಇಂಥದ್ದು. ಸವದತ್ತಿ ಅಥವಾ ರಾಮದುರ್ಗದ ಹೊಲದ ಉತಾರಕ್ಕೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಕ್ರಮವಾಗಿ ಆರಿಸಿ, ಸರ್ವೆ ಮತ್ತು ಹಿಸ್ಸಾ ನಂಬರು ಕೊಡಬೇಕು. ಮಾಲೀಕರ ಹೆಸರು, ಊರು ಬರೆದು ಗೂಗಲ್‌ನಲ್ಲಿ ಹುಡುಕಿದರೆ ಸಿಗದು. ಒಳಶೋಧವು ಇಂದಿನ ಆಡಳಿತ ವಿಭಾಗವನ್ನೇ ಅನುಸರಿಸುತ್ತದೆ. ಕಿತ್ತೂರು ಮೊದಲು ಬೈಲಹೊಂಗಲ ತಾಲ್ಲೂಕಿನಲ್ಲಿತ್ತು; ಹಳೆಯ ಕಾಗದ ನೋಡಿ ಬೈಲಹೊಂಗಲವನ್ನು ಆರಿಸಿದಾಗ ಗ್ರಾಮದ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ, ದಾಖಲೆ ಇಲ್ಲವೆನ್ನುವ ಮೊದಲು ಈಗಿನ ಕಿತ್ತೂರು ತಾಲ್ಲೂಕಿನಡಿ ನೋಡುವುದು ಅಗತ್ಯ.