ಮೂರು ಮಾತ್ರೆಗೂ ಇಳಿಯದ ಬಿಪಿ, ಜೊತೆಗೆ ಕಡಿಮೆ ಪೊಟ್ಯಾಸಿಯಂ: ಅಲ್ಡೋಸ್ಟೆರಾನ್–ರೆನಿನ್ ಪರೀಕ್ಷೆ ಏನು ಹೇಳುತ್ತದೆ?

ಪುಣೆ ಸಮೀಪದ ಚಾಕಣದ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ, ಕಲಬುರಗಿ ಕಡೆಯ 42 ವರ್ಷದ ಒಬ್ಬರನ್ನು ಊಹಿಸಿಕೊಳ್ಳಿ. ಇವರು ನಿಜವಾದ ರೋಗಿಯಲ್ಲ, ವಿಷಯ ತಿಳಿಸಲು ಕಟ್ಟಿಕೊಂಡ ಉದಾಹರಣೆ. ಆದರೆ ಇಂಥವರು ಬಿಪಿ ಚಿಕಿತ್ಸೆ ಪಡೆಯುವ ಎಲ್ಲ ಕಡೆಯೂ ಸಿಗುತ್ತಾರೆ.

ಐದು ವರ್ಷದಿಂದ ಅವರಿಗೆ ಬಿಪಿ ಇದೆ. ಈಗ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಮತ್ತು ಮೂತ್ರ ಹೆಚ್ಚಿಸುವ ಕ್ಲೋರ್ತಲಿಡೋನ್, ಹೀಗೆ ಮೂರು ಮಾತ್ರೆ ನಡೆಯುತ್ತಿವೆ. ಒಂದು ದಿನವೂ ತಪ್ಪಿಸುವುದಿಲ್ಲ. ಆದರೂ ಮನೆಯಲ್ಲಿ ನೋಡಿದರೆ 160/100ರ ಆಸುಪಾಸು. ಪಾಳಿ ಮುಗಿಸಿ ಬಂದರೆ ಕಾಲು ಸೋತು ಹೋಗುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕು. "ದುಡಿತ ಜಾಸ್ತಿ, ಟೆನ್ಷನ್" ಎಂದು ಮನೆಯವರು ಸುಮ್ಮನಾಗಿದ್ದರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9 ಬಂತು. ಇರಬೇಕಾದದ್ದು 3.5ರಿಂದ 5ರ ಒಳಗೆ.

ಇಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, "ಮೂತ್ರದ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದಿದೆ" ಎಂದು ಒಂದು ಸಿರಪ್ ಬರೆದುಕೊಟ್ಟು ವಿಷಯ ಮುಗಿಸುವುದು. ಆ ಮಾತು ಅರ್ಧ ನಿಜ. ಕ್ಲೋರ್ತಲಿಡೋನ್ ಪೊಟ್ಯಾಸಿಯಂ ಇಳಿಸುತ್ತದೆ. ಆದರೆ ಟೆಲ್ಮಿಸಾರ್ಟನ್ ಅದನ್ನು ಸ್ವಲ್ಪ ಏರಿಸುವ ಮಾತ್ರೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿರುವವರಲ್ಲಿ 2.9 ಬಂದರೆ, ಪೊಟ್ಯಾಸಿಯಂ ಬೇರೆ ದಾರಿಯಲ್ಲೂ ಸೋರುತ್ತಿದೆಯೇ ಎಂದು ನೋಡಬೇಕು.

ಸೋರುವುದು ಎಲ್ಲಿಂದ?

ಪ್ರತಿ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿಗೆ ಅಡ್ರಿನಲ್ ಗ್ರಂಥಿ ಎಂದು ಹೆಸರು. ಅದು ತಯಾರಿಸುವ ಹಾರ್ಮೋನುಗಳಲ್ಲಿ ಅಲ್ಡೋಸ್ಟೆರಾನ್ ಒಂದು. ಉಪ್ಪನ್ನು ದೇಹದಲ್ಲಿ ಉಳಿಸಿಕೊಂಡು, ಅದರ ಬದಲಿಗೆ ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ಬಿಡುವಂತೆ ಮಾಡುವುದು ಅದರ ಕೆಲಸ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಮೂತ್ರಪಿಂಡ ರೆನಿನ್ ಎಂಬ ವಸ್ತುವನ್ನು ಬಿಟ್ಟು ಅಡ್ರಿನಲ್‌ಗೆ ಸುದ್ದಿ ಮುಟ್ಟಿಸುತ್ತದೆ. ಸಾಕಾದಾಗ ರೆನಿನ್ ಇಳಿಯುತ್ತದೆ, ಅದರ ಹಿಂದೆಯೇ ಅಲ್ಡೋಸ್ಟೆರಾನ್ ಕೂಡ ಇಳಿಯುತ್ತದೆ.

ಪ್ರೈಮರಿ ಅಲ್ಡೋಸ್ಟೆರೋನಿಸಂ ಇದ್ದವರಲ್ಲಿ ಅಡ್ರಿನಲ್ ಈ ಮಾತನ್ನು ಕೇಳುವುದಿಲ್ಲ. ಒಂದು ಗ್ರಂಥಿಯಲ್ಲಿ ಬೆಳೆದ ಸಣ್ಣ ಗಂಟು, ಇಲ್ಲವೇ ಎರಡೂ ಗ್ರಂಥಿಗಳು, ಕರೆಯದೆಯೇ ಅಲ್ಡೋಸ್ಟೆರಾನ್ ಸುರಿಸುತ್ತಿರುತ್ತವೆ. ಆ ಗಂಟು ಹೆಚ್ಚಿನಂಶ ಕ್ಯಾನ್ಸರ್ ಆಗಿರುವುದಿಲ್ಲ. ಉಪ್ಪು, ನೀರು ತುಂಬಿ ಬಿಪಿ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಮೂತ್ರಪಿಂಡ ತನ್ನ ಪಾಲಿಗೆ ರೆನಿನ್ ಅನ್ನು ಬಹುತೇಕ ನಿಲ್ಲಿಸಿಬಿಡುತ್ತದೆ. ಅಲ್ಡೋಸ್ಟೆರಾನ್ ಮೇಲೆ, ರೆನಿನ್ ಕೆಳಗೆ: ಈ ಹೊಂದಾಣಿಕೆಯಿಲ್ಲದ ಜೋಡಿಯೇ ರೋಗದ ಗುರುತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಜೆರೋಮ್ ಕಾನ್ 1950ರ ದಶಕದ ಮಧ್ಯದಲ್ಲಿ ಇದನ್ನು ಮೊದಲು ವಿವರಿಸಿದ್ದರಿಂದ ಕಾನ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ.

ಅಲ್ಡೋಸ್ಟೆರಾನ್ ಹೃದಯ, ರಕ್ತನಾಳ, ಮೂತ್ರಪಿಂಡಗಳಿಗೆ ನೇರವಾಗಿಯೂ ಹಾನಿ ಮಾಡುತ್ತದೆ. ಅಷ್ಟೇ ಬಿಪಿ ಇರುವ ಬೇರೆಯವರಿಗಿಂತ ಇವರಲ್ಲಿ ಪಾರ್ಶ್ವವಾಯು, ಹೃದಯ ಬಡಿತದ ಏರುಪೇರು, ಮೂತ್ರಪಿಂಡದ ತೊಂದರೆ ಹೆಚ್ಚು. ಹಾಗಾಗಿ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರೆ ಸಾಲದು, ಕಾರಣಕ್ಕೇ ಚಿಕಿತ್ಸೆ ಬೇಕು.

ಒಂದು ತಪ್ಪು ತಿಳಿವಳಿಕೆ: ಪೊಟ್ಯಾಸಿಯಂ ಸರಿ ಇದ್ದರೆ ಈ ರೋಗ ಇಲ್ಲ ಎಂದುಕೊಳ್ಳುವುದು. ವಾಸ್ತವದಲ್ಲಿ ಈ ರೋಗವಿರುವ ಬಹುಪಾಲು ಜನರ ಪೊಟ್ಯಾಸಿಯಂ ಸಾಮಾನ್ಯವಾಗಿಯೇ ಇರುತ್ತದೆ. ಮೂತ್ರದ ಮಾತ್ರೆ ಸೇರಿ ಮೂರು ಮಾತ್ರೆ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಬಿಪಿ ಇಳಿಯದಿದ್ದರೆ ಅಷ್ಟೇ ಸಾಕು, ಪರೀಕ್ಷೆ ಕೇಳಬಹುದು. ಅಂತರರಾಷ್ಟ್ರೀಯ ಎಂಡೋಕ್ರೈನ್ ಸೊಸೈಟಿಯ 2025ರ ಮಾರ್ಗಸೂಚಿಯಂತೂ ಬಿಪಿ ಇರುವ ಎಲ್ಲರಿಗೂ ಒಮ್ಮೆ ಈ ತಪಾಸಣೆ ಮಾಡುವುದು ಒಳಿತು ಎನ್ನುತ್ತದೆ.

ಮೊದಲ ವರದಿ "ನಾರ್ಮಲ್" ಬಂದದ್ದು ಹೇಗೆ?

ಪರೀಕ್ಷೆ ಸರಳ. ಒಂದೇ ಸಲ ರಕ್ತ ಕೊಟ್ಟರೆ ಸಾಕು. ಅಲ್ಡೋಸ್ಟೆರಾನ್ ಅಂಕಿಯನ್ನು ರೆನಿನ್ ಅಂಕಿಯಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ವೈದ್ಯರು ಎಆರ್‌ಆರ್ ಎನ್ನುತ್ತಾರೆ. ಆದರೆ ಪೂರ್ವಸಿದ್ಧತೆ ಇಲ್ಲದೆ ಕೊಟ್ಟ ರಕ್ತ ದಾರಿ ತಪ್ಪಿಸುತ್ತದೆ.

ನಮ್ಮ ಉದಾಹರಣೆಯ ರೋಗಿ ಪೊಟ್ಯಾಸಿಯಂ 2.9 ಇರುವಾಗಲೇ, ಮೂರೂ ಮಾತ್ರೆ ನುಂಗುತ್ತಲೇ ರಕ್ತ ಕೊಟ್ಟರು. ಅಲ್ಡೋಸ್ಟೆರಾನ್ 9 (ಡೆಸಿಲೀಟರ್‌ಗೆ ನ್ಯಾನೊಗ್ರಾಂ), ರೆನಿನ್ 4 (ಲೀಟರ್‌ಗೆ ಮಿಲಿಯೂನಿಟ್). ಅನುಪಾತ 2.25. ಈ ಅಳತೆಯಲ್ಲಿ ಬಳಸುವ ಗಡಿ, ಪರೀಕ್ಷಾ ವಿಧಾನಕ್ಕೆ ತಕ್ಕಂತೆ, ಸುಮಾರು 2.5ರಿಂದ 3.7. ವರದಿಯಲ್ಲಿ "ನಾರ್ಮಲ್" ಎಂದು ಅಚ್ಚಾಯಿತು.

ಎರಡು ಕಡೆಯಿಂದ ಅಂಕಿ ಕೆಟ್ಟಿತ್ತು. ಪೊಟ್ಯಾಸಿಯಂ ಕಡಿಮೆ ಇದ್ದಾಗ ಅಲ್ಡೋಸ್ಟೆರಾನ್ ತಾನಾಗಿ ತಗ್ಗುತ್ತದೆ. ಇನ್ನೊಂದು ಕಡೆ, ಕ್ಲೋರ್ತಲಿಡೋನ್ ಮತ್ತು ಟೆಲ್ಮಿಸಾರ್ಟನ್ ಎರಡೂ ರೆನಿನ್ ಏರಿಸುವ ಮಾತ್ರೆಗಳು. ಮೇಲಿನ ಅಂಕಿ ಇಳಿದು, ಕೆಳಗಿನ ಅಂಕಿ ಏರಿದರೆ ಅನುಪಾತ ಕುಗ್ಗಲೇಬೇಕು.

ಅನುಭವವಿರುವ ವೈದ್ಯರು ಆ ಹಾಳೆಯಲ್ಲಿ ಅನುಪಾತಕ್ಕಿಂತ ಮೊದಲು ರೆನಿನ್ ನೋಡುತ್ತಾರೆ. ಏರಿಸುವ ಎರಡು ಮಾತ್ರೆ ಒಳಗಿದ್ದರೂ ರೆನಿನ್ ಬರೀ 4 ಇದೆ ಎಂದರೆ ಅದನ್ನು ಯಾವುದೋ ಒತ್ತಿ ಹಿಡಿದಿದೆ. ಅನುಮಾನಕ್ಕೆ ಅಷ್ಟೇ ಸಾಕಿತ್ತು. ಈ ಕಾರಣಕ್ಕೇ ಮೊದಲ ತಪಾಸಣೆಯನ್ನು ಮಾತ್ರೆ ನಿಲ್ಲಿಸದೆಯೇ ಮಾಡಬಹುದು, ಓದುವಾಗ ಮಾತ್ರೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆಯಿತು ಎಂಬ ಅಭಿಪ್ರಾಯ ಈಗ ಬಲವಾಗಿದೆ. ಪಾಲಿಸಲೂ ಅದೇ ಸುಲಭ, ಅಪಾಯವೂ ಕಡಿಮೆ. ಫಲಿತಾಂಶ ಸ್ಪಷ್ಟವಾಗದಿದ್ದರೆ ಮಾತ್ರ ಮಾತ್ರೆ ಬದಲಿಸಿ ಮತ್ತೆ ಮಾಡುತ್ತಾರೆ.

ಇವರಿಗೆ ಹಾಗೆಯೇ ಮಾಡಲಾಯಿತು. ಪೊಟ್ಯಾಸಿಯಂ ಕೊಟ್ಟು 4.1ಕ್ಕೆ ತಂದರು. ಕ್ಲೋರ್ತಲಿಡೋನ್ ನಾಲ್ಕು ವಾರ, ಟೆಲ್ಮಿಸಾರ್ಟನ್ ಎರಡು ವಾರ ನಿಲ್ಲಿಸಿ, ಆ ಅವಧಿಗೆ ಪ್ರಾಜೋಸಿನ್ ಕೊಟ್ಟು, ಮನೆಯಲ್ಲಿ ದಿನವೂ ಬಿಪಿ ಬರೆದಿಡಲು ಹೇಳಿದರು. ಎರಡನೇ ಸಲ ಅಲ್ಡೋಸ್ಟೆರಾನ್ 24, ರೆನಿನ್ 2, ಅನುಪಾತ 12.

ಮಾತ್ರೆ ನಿಲ್ಲಿಸುವ ಈ ಕೆಲಸವನ್ನು ನೀವಾಗಿ ಮಾಡಬೇಡಿ. ಹೃದಯ ವೈಫಲ್ಯ ಅಥವಾ ತೀರಾ ಹೆಚ್ಚಿನ ಬಿಪಿ ಇರುವವರಲ್ಲಿ ಕೆಲವು ಮಾತ್ರೆ ನಿಲ್ಲಿಸುವುದೇ ಅಪಾಯ. ಬದಲಿಗೆ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಿ. ಸ್ಪೈರೊನೊಲ್ಯಾಕ್ಟೋನ್ ರೆನಿನ್ ಏರಿಸಿ ರೋಗವನ್ನು ಮುಚ್ಚಿಡಬಲ್ಲದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ರೆನಿನ್ ಇಳಿಸಿ, ರೋಗ ಇಲ್ಲದಿದ್ದರೂ ಇದ್ದಂತೆ ತೋರಿಸಬಲ್ಲವು. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ತಂದು ನುಂಗಿದ್ದನ್ನೂ ಹೇಳಿ, ಅದು ಬಿಪಿಯನ್ನೂ ಏರಿಸುತ್ತದೆ. ಹಾಗೆಯೇ ಜ್ಯೇಷ್ಠಮಧು ಹಾಕಿದ ಕಷಾಯ: ದಿನವೂ ಹೆಚ್ಚಾಗಿ ಕುಡಿದರೆ ಇದೇ ರೀತಿ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಆದರೆ ಆಗ ರೆನಿನ್ ಜೊತೆ ಅಲ್ಡೋಸ್ಟೆರಾನ್ ಕೂಡ ಕಡಿಮೆ ಬರುತ್ತದೆ.

ರಕ್ತ ಕೊಡುವ ದಿನ

ಬೆಳಿಗ್ಗೆ ಎದ್ದು ಕನಿಷ್ಠ ಎರಡು ಗಂಟೆ ಓಡಾಡಿಕೊಂಡಿರಬೇಕು, ನಂತರ ಐದರಿಂದ ಹದಿನೈದು ನಿಮಿಷ ಕುಳಿತು ರಕ್ತ ಕೊಡಬೇಕು. ರಾತ್ರಿ ಪಾಳಿ ಮುಗಿಸಿ ನೇರ ಲ್ಯಾಬಿಗೆ ಹೋಗಬೇಡಿ, ಹಗಲು ಪಾಳಿಯ ವಾರವನ್ನೇ ಆರಿಸಿಕೊಳ್ಳಿ. ಪರೀಕ್ಷೆ ಇದೆಯೆಂದು ಹಿಂದಿನ ದಿನಗಳಲ್ಲಿ ದಿಢೀರನೆ ಉಪ್ಪು ಬಿಡುವುದೂ ಬೇಡ, ಅದು ರೆನಿನ್ ಏರಿಸುತ್ತದೆ. ರಕ್ತ ತೆಗೆಯುವಾಗ ಮುಷ್ಟಿ ಬಿಗಿದು ಬಿಚ್ಚಬೇಡಿ: ಪೊಟ್ಯಾಸಿಯಂ ಸುಳ್ಳೇ ಹೆಚ್ಚು ಬಂದು ನಿಜವಾದ ಕೊರತೆ ಕಾಣದೆ ಹೋಗುತ್ತದೆ.

ಇನ್ನೊಂದು ಮಾತು ಲ್ಯಾಬಿನವರಿಗೆ ಸಂಬಂಧಿಸಿದ್ದು. ಊರಿನ ಸಂಗ್ರಹ ಕೇಂದ್ರದಲ್ಲಿ ತೆಗೆದ ರಕ್ತ ಪರೀಕ್ಷೆಗೆ ದೊಡ್ಡ ಲ್ಯಾಬಿಗೆ ಹೋಗುವುದು ಮಾಮೂಲು. ಪ್ಲಾಸ್ಮಾ ಬೇರ್ಪಡಿಸುವ ಮೊದಲು ರಕ್ತವನ್ನು ಮಂಜುಗಡ್ಡೆಯ ಮೇಲಿಟ್ಟರೆ ರೆನಿನ್ ಸುಳ್ಳು ಹೆಚ್ಚಳ ತೋರಿಸಬಹುದು. "ರೆನಿನ್ ಸ್ಯಾಂಪಲ್ ಇಲ್ಲೇ ಬೇರ್ಪಡಿಸುತ್ತೀರಾ?" ಎಂದು ಕೇಳುವುದರಲ್ಲಿ ಸಂಕೋಚವೇನಿಲ್ಲ. ಎರಡು ಲ್ಯಾಬಿನ ವರದಿಗಳನ್ನು ಹೋಲಿಸುವಾಗ ಅಳತೆಯ ಘಟಕ ನೋಡಿ. ಕೆಲವು ಲ್ಯಾಬುಗಳು ರೆನಿನ್‌ನ ಪ್ರಮಾಣದ ಬದಲು ಅದರ ಚಟುವಟಿಕೆಯನ್ನು ಅಳೆಯುತ್ತವೆ. ಅಲ್ಲಿ ಅನುಪಾತದ ಗಡಿ 20ರಿಂದ 30.

ಮುಂದೇನು?

ಅನುಪಾತ ಹೆಚ್ಚು ಬಂದದ್ದು ಅನುಮಾನವೇ ಹೊರತು ತೀರ್ಮಾನವಲ್ಲ. ಕೆಲವರಿಗೆ ದೃಢೀಕರಣ ಪರೀಕ್ಷೆ ಬೇಕಾಗುತ್ತದೆ: ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ಸಲೈನ್ ಹರಿಸಿ, ಅಷ್ಟು ಉಪ್ಪು ಸಿಕ್ಕಮೇಲಾದರೂ ಅಲ್ಡೋಸ್ಟೆರಾನ್ ಇಳಿಯುತ್ತದೆಯೇ ಎಂದು ನೋಡುತ್ತಾರೆ. ನಂತರ ಅಡ್ರಿನಲ್‌ನ ಸಿಟಿ ಸ್ಕ್ಯಾನ್.

ಸ್ಕ್ಯಾನ್‌ನಲ್ಲಿ ಎಡಗಡೆ ಗಂಟು ಕಂಡಿತೆಂದು ಕೂಡಲೇ ಶಸ್ತ್ರಚಿಕಿತ್ಸೆಗೆ ಹೊರಡುವಂತಿಲ್ಲ. ವಯಸ್ಸಾದಂತೆ ಏನೂ ಮಾಡದ ಗಂಟುಗಳು ಅಡ್ರಿನಲ್‌ನಲ್ಲಿ ಬೆಳೆಯುವುದುಂಟು. ಹಾರ್ಮೋನ್ ಸುರಿಸುತ್ತಿರುವುದು ಬಲಗಡೆಯದೋ, ಎರಡೂ ಕಡೆಯವೋ ಆಗಿರಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆ ಬಯಸುವವರಲ್ಲಿ ಎರಡೂ ಅಡ್ರಿನಲ್‌ಗಳ ರಕ್ತನಾಳದಿಂದ ಬೇರೆಬೇರೆಯಾಗಿ ರಕ್ತ ತೆಗೆದು ಹೋಲಿಸುತ್ತಾರೆ. ಬಲಗಡೆಯ ನಾಳ ತೀರಾ ಚಿಕ್ಕದು, ಅದನ್ನು ಹಿಡಿಯಲು ಅನುಭವ ಬೇಕು. ಎಲ್ಲ ಆಸ್ಪತ್ರೆಗಳಲ್ಲೂ ಇದು ಆಗುವುದಿಲ್ಲ. 35 ದಾಟದ, ಪೊಟ್ಯಾಸಿಯಂ ಕಡಿಮೆ ಇರುವ, ಒಂದೇ ಕಡೆ ಸ್ಪಷ್ಟ ಗಂಟು ಇರುವ ಕೆಲವರಿಗೆ ಮಾತ್ರ ಈ ಹಂತ ಬಿಡಬಹುದು.

ತೊಂದರೆ ಒಂದೇ ಕಡೆ ಎಂದು ಖಚಿತವಾದರೆ ಆ ಗ್ರಂಥಿಯನ್ನು ದೂರ್ಬೀನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಇನ್ನೊಂದು ಗ್ರಂಥಿ ದೇಹಕ್ಕೆ ಸಾಕಾಗುತ್ತದೆ. ಪೊಟ್ಯಾಸಿಯಂ ಬಹುತೇಕ ಎಲ್ಲರಲ್ಲೂ ಸರಿಹೋಗುತ್ತದೆ. ಬಿಪಿ ಹಾಗಲ್ಲ: ಕೆಲವರಿಗೆ ಮಾತ್ರೆಯೇ ಬೇಡವಾಗುತ್ತದೆ, ಹಲವರಿಗೆ ಮೂರರ ಬದಲು ಒಂದು ಸಾಕಾಗುತ್ತದೆ, ಅದೂ ತಿಂಗಳುಗಳಲ್ಲಿ. ರೋಗ ಬಹಳ ವರ್ಷ ಗೊತ್ತಾಗದೆ ಉಳಿದಿದ್ದರೆ ಪೂರ್ತಿ ಗುಣವಾಗುವ ಸಾಧ್ಯತೆ ಕಡಿಮೆ.

ಎರಡೂ ಕಡೆ ಇದ್ದರೆ, ಅಥವಾ ಶಸ್ತ್ರಚಿಕಿತ್ಸೆ ಬೇಡವಾದರೆ, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ. ಬೆಲೆ ಕಡಿಮೆ. ದಿನಕ್ಕೆ 12.5 ಅಥವಾ 25 ಮಿಲಿಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಗಂಡಸರಲ್ಲಿ ಎದೆ ಉಬ್ಬಿ ನೋಯಬಹುದು. ಹೇಳಿಕೊಳ್ಳಲು ನಾಚಿ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ವೈದ್ಯರಿಗೆ ತಿಳಿಸಿದರೆ ಎಪ್ಲೆರಿನೋನ್‌ಗೆ ಬದಲಿಸಬಹುದು. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಫರಸಾಣ ಕಡಿಮೆಯಾದರೆ ಪೊಟ್ಯಾಸಿಯಂ ಸೋರುವುದೂ ಕಡಿಮೆಯಾಗುತ್ತದೆ, ಏಕೆಂದರೆ ಈ ರೋಗದಲ್ಲಿ ಉಪ್ಪು ಹೆಚ್ಚಾದಷ್ಟೂ ಸೋರಿಕೆ ಹೆಚ್ಚು.

ಈ ಮಾತ್ರೆ ಶುರುವಾದ ಮೇಲೆ ಹಳೆಯ ಪೊಟ್ಯಾಸಿಯಂ ಸಿರಪ್ ಅನ್ನು ವೈದ್ಯರನ್ನು ಕೇಳದೆ ಮುಂದುವರಿಸಬೇಡಿ. ಟೆಲ್ಮಿಸಾರ್ಟನ್ ಜೊತೆಗಿದ್ದರೆ, ಮೂತ್ರಪಿಂಡ ದುರ್ಬಲವಿದ್ದರೆ, ಪೊಟ್ಯಾಸಿಯಂ ಈಗ ಅಪಾಯಕಾರಿಯಾಗಿ ಏರಬಹುದು. ಮಾತ್ರೆ ಶುರುವಾದ ಒಂದು ವಾರಕ್ಕೆ, ಮತ್ತೆ ನಾಲ್ಕು ವಾರಕ್ಕೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಪ್ರಮಾಣ ಏರಿಸಿದಾಗಲೆಲ್ಲ ಅದೇ ಕ್ರಮ.