ಕಠಿಣ ಹೊಣೆ ಮತ್ತು ಸಂಪೂರ್ಣ ಹೊಣೆ
ಅಜಾಗರೂಕತೆಯನ್ನು ರುಜುವಾತುಪಡಿಸದೆಯೇ ಪರಿಹಾರ ಪಡೆಯಲು ಅವಕಾಶವಿರುವ, ಅಪಕೃತ್ಯ ಕಾನೂನಿನ ಎರಡು ತತ್ತ್ವಗಳು. ಮೊದಲನೆಯದು ಇಂಗ್ಲೆಂಡಿನ ರೈಲ್ಯಾಂಡ್ಸ್–ಫ್ಲೆಚರ್ ಪ್ರಕರಣದ್ದು (1868). ಗಿರಣಿಗಾಗಿ ಕಟ್ಟಿಸಿದ ಜಲಾಶಯದ ನೀರು ಹಳೆಯ ಗಣಿದಾರಿಗಳ ಮೂಲಕ ನೆರೆಯ ಕಲ್ಲಿದ್ದಲು ಗಣಿಗೆ ನುಗ್ಗಿತ್ತು. ಮಾಲೀಕ ತಾನು ತಪ್ಪು ಮಾಡದಿದ್ದರೂ ನಷ್ಟ ಕಟ್ಟಿಕೊಡಬೇಕಾಯಿತು. ಆದರೆ ಪ್ರಕೃತಿ ವಿಕೋಪ, ಮೂರನೆಯವರ ಕೃತ್ಯ ಮುಂತಾದ ವಿನಾಯಿತಿಗಳು ಇಲ್ಲಿವೆ.

ಭೋಪಾಲ್ ದುರಂತದ ಮರುವರ್ಷ, 1985ರ ಡಿಸೆಂಬರ್‌ನಲ್ಲಿ, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪಾಯಕಾರಿ ಉದ್ಯಮಗಳಿಗೆ ಈ ವಿನಾಯಿತಿಗಳು ಸಲ್ಲವೆಂದಿತು; ಇದೇ ಎರಡನೆಯದಾದ ಸಂಪೂರ್ಣ ಹೊಣೆ. ಅಪಾಯವನ್ನು ಮೊದಲೇ ಪತ್ತೆಹಚ್ಚಿ ತಡೆಯುವ ಸಾಮರ್ಥ್ಯವಿರುವುದು ಉದ್ಯಮಕ್ಕೆ ಮಾತ್ರ, ಲಾಭವೂ ಅದರದೇ ಎಂಬುದು ಕೋರ್ಟಿನ ತರ್ಕ. ಸಂಸ್ಥೆ ದೊಡ್ಡದಾದಷ್ಟೂ ಪರಿಹಾರ ಹೆಚ್ಚಬೇಕೆಂದೂ ಹೇಳಿತು. ವಿಚಿತ್ರವೆಂದರೆ, ಅದೇ ತೀರ್ಪಿನಲ್ಲಿ ಸಂತ್ರಸ್ತರಿಗೆ ಪರಿಹಾರ ಕೊಡಿಸದೆ, ಕೆಳಗಿನ ನ್ಯಾಯಾಲಯದಲ್ಲಿ ದಾವೆ ಹೂಡುವ ದಾರಿ ತೋರಿಸಿತು.