ಎರಡು ಘಳಿಗೆಯ ಆಯ

ಶಿವಮೊಗ್ಗ, ಭದ್ರಾವತಿಯ ಪೇಟೆಗಳಲ್ಲಿ ಅಂಗಡಿ ಇಟ್ಟಿರುವ ಮಾರವಾಡಿ ಜೈನರ ಮನೆಗೆ ಫೋನ್ ಮಾಡಿದರೆ ಕೆಲವೊಮ್ಮೆ ಸಿಗುವ ಉತ್ತರ: ‘ಅವರು ಸಾಮಾಯಿಕದಲ್ಲಿದ್ದಾರೆ.’ ಇನ್ನು 48 ನಿಮಿಷ ಕಾಯಬೇಕು. ಅದು ಒಂದು ಮುಹೂರ್ತ, ನಮ್ಮ ಹಳೆಯ ಲೆಕ್ಕದಲ್ಲಿ ಎರಡು ಘಳಿಗೆ.

ಸಾಮಾಯಿಕ ಎಂಬ ಪದದ ಹುಟ್ಟನ್ನು ಎರಡು ರೀತಿ ಹೇಳುತ್ತಾರೆ. ‘ಸಮ್’ ಎಂದರೆ ಒಂದಾಗುವುದು, ‘ಅಯ’ ಎಂದರೆ ಸಾಗುವುದು. ಆತ್ಮದೊಂದಿಗೆ ಒಂದಾಗಿ ಸಾಗುವುದೇ ಸಾಮಾಯಿಕ ಎಂಬುದು ‘ಸರ್ವಾರ್ಥಸಿದ್ಧಿ’ ಬರೆದ ಪೂಜ್ಯಪಾದರ ದಾರಿ. ಹುಂಚದ ಬಸದಿಗೆ ನಡೆದುಕೊಳ್ಳುವ ದಿಗಂಬರರಿಗೆ ಇದು ಪರಿಚಿತ. ಇನ್ನೊಂದು, ಸಮತೆಯ ‘ಆಯ’. ಆಯವ್ಯಯ ಬರೆಯುವ ವ್ಯಾಪಾರಿಗೆ ಇದೇ ಹೆಚ್ಚು ಹಿಡಿಸೀತು.

ಶ್ವೇತಾಂಬರರ ಮಾತಿನಲ್ಲಿ ಸಾಮಾಯಿಕವನ್ನು ‘ತೆಗೆದುಕೊಳ್ಳುತ್ತಾರೆ’. ಉಣ್ಣೆಯ ಆಸನ ಹಾಸಿ, ಬಾಯಿಗೆ ಮುಹಪತ್ತಿ ಹಿಡಿದು ಅಥವಾ ಕಟ್ಟಿ, ‘ಕರೇಮಿ ಭಂತೇ’ ಎಂದು ಪ್ರಾಕೃತದಲ್ಲಿ ಸಂಕಲ್ಪ ಆರಂಭಿಸುತ್ತಾರೆ: ‘ಪೂಜ್ಯರೇ, ಮಾಡುತ್ತೇನೆ.’ ಬಿಡುವುದು ‘ಸಾವಜ್ಜ’ವನ್ನು, ಅಂದರೆ ಪಾಪ ಅಂಟುವ ಕೆಲಸವನ್ನು. ಒಲೆ ಹಚ್ಚುವುದು, ಹಸಿ ತರಕಾರಿ ಮುಟ್ಟುವುದು, ಅಂಗಡಿಯ ಹುಡುಗನಿಗೆ ಅಪ್ಪಣೆ ಕೊಡುವುದು, ಎಲ್ಲವೂ ಅದರಲ್ಲಿ ಸೇರುತ್ತವೆ.

ಇದೇ ಸಂಕಲ್ಪವನ್ನು ಸಾಧುಗಳೂ ಹೇಳುತ್ತಾರೆ. ಆದರೆ ಅವರದು ‘ಬದುಕಿರುವವರೆಗೆ’, ಗೃಹಸ್ಥರದು ‘ನಿಯಮ ಇರುವವರೆಗೆ’. ಸಾಧು ಪಾಪವನ್ನು ತಾನು ಮಾಡುವುದಿಲ್ಲ, ಮಾಡಿಸುವುದಿಲ್ಲ, ಮಾಡಿದವರನ್ನು ಒಪ್ಪುವುದಿಲ್ಲ. ಇವು ಮೂರನ್ನೂ ಮನಸ್ಸು, ಮಾತು, ಮೈಗಳಿಂದ ಬಿಡುವುದರಿಂದ ಒಂಬತ್ತು ಬಗೆ. ಗೃಹಸ್ಥನದು ಆರೇ ಬಗೆ. ‘ಒಪ್ಪುವುದಿಲ್ಲ’ ಎಂಬ ಮಾತು ಅವನ ಸಂಕಲ್ಪದಲ್ಲಿಲ್ಲ. ಅವನು ಆಸನದ ಮೇಲಿದ್ದರೂ ಅಂಗಡಿ ಅವನ ಹೆಸರಿನಲ್ಲೇ ನಡೆಯುತ್ತಿರುತ್ತದೆ, ಲಾಭ ಅವನ ಲೆಕ್ಕಕ್ಕೇ ಬರುತ್ತಿರುತ್ತದೆ.

ಈ ಸಿಕ್ಕನ್ನು ಭಗವತೀ ಸೂತ್ರವೂ ಎತ್ತಿದೆ. ಸಾಮಾಯಿಕದಲ್ಲಿ ಕೂತವನ ಸಾಮಾನನ್ನು ಯಾರೋ ಕದ್ದರು. ಮುಗಿಸಿ ಎದ್ದವನು ಹುಡುಕುತ್ತಾನೆ. ಹುಡುಕುವುದು ತನ್ನದನ್ನೋ, ಪರರದನ್ನೋ? ಕೂತಾಗ ‘ಯಾವುದೂ ನನ್ನದಲ್ಲ’ ಎಂದು ಭಾವಿಸಿದ್ದವನಲ್ಲವೇ? ಮಹಾವೀರರ ಉತ್ತರ: ತನ್ನದನ್ನೇ. ಏಕೆಂದರೆ ‘ನನ್ನದು’ ಎಂಬ ಮಮತೆಯನ್ನು ಅವನಿನ್ನೂ ತ್ಯಜಿಸಿಲ್ಲ.

ಸಾಮಾಯಿಕ ಕೆಡುವುದೂ ಹೀಗೆ ಒಳಗಿನಿಂದಲೇ. ತತ್ತ್ವಾರ್ಥಸೂತ್ರ ಐದು ದೋಷ ಹೇಳುತ್ತದೆ: ಮನಸ್ಸು, ಮಾತು, ಮೈ ಒಂದೊಂದೂ ದಾರಿ ತಪ್ಪುವುದು, ಆದರವಿಲ್ಲದೆ ಕೂರುವುದು, ಕೊನೆಯದು ಮರೆವು. ಬಾಯಿ ಮಂತ್ರ ಹೇಳುತ್ತಿರುವಾಗ ಮನಸ್ಸು ಬರಬೇಕಾದ ಬಾಕಿ ಕೂಡುತ್ತಿದ್ದರೆ ಮೊದಲನೆಯದು ಆಯಿತು. ಅದಕ್ಕೇ ಮುಗಿಸುವಾಗ ಇನ್ನೊಂದು ಪಾಠ ಹೇಳಿ ಈ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಅದನ್ನು ಹೇಳದೆ ಎದ್ದರೆ, ಗಡಿಯಾರದಲ್ಲಿ 48 ನಿಮಿಷ ಕಳೆದಿದ್ದರೂ, ಸಾಮಾಯಿಕ ವಿಧಿಯಂತೆ ಮುಗಿದಂತಲ್ಲ.